ಒಂದೇ ಷೇರು, ಎರಡು ಬಣ್ಣದ ಕ್ಯಾಂಡಲ್

ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುವ ಹಿರಿಯರೊಬ್ಬರು ಎರಡು ಮೊಬೈಲ್‌ಗಳನ್ನು ನನ್ನ ಮೇಜಿನ ಮೇಲಿಟ್ಟು, “ಇವೆರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು, ನೋಡಿ ಹೇಳಿರಿ” ಎಂದರು. ಒಂದರಲ್ಲಿ ಬ್ರೋಕರ್ ಆ್ಯಪ್, ಇನ್ನೊಂದರಲ್ಲಿ ಅವರ ಮಗ ಹಾಕಿಕೊಟ್ಟ ಉಚಿತ ಚಾರ್ಟ್ ಆ್ಯಪ್. ಎರಡರಲ್ಲೂ ಎನ್‌ಎಸ್‌ಇಯ ಅದೇ ಷೇರು, ಅದೇ ದಿನ, ಒಂದು ಗಂಟೆಯ ಕ್ಯಾಂಡಲ್, ಅಂದರೆ ಆ ಗಂಟೆಯ ಬೆಲೆಯ ಏರಿಳಿತವನ್ನು ತೋರಿಸುವ ಬಣ್ಣದ ಕಂಬ. ಆದರೆ ಬೆಳಗಿನ ಎರಡನೇ ಕ್ಯಾಂಡಲ್ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು. ಸುಳ್ಳು ಹೇಳುತ್ತಿದ್ದದ್ದು ಯಾವುದೂ ಅಲ್ಲ.

ಆ ಷೇರು ಫ್ಯೂಚರ್ಸ್ ಪಟ್ಟಿಯಲ್ಲಿಲ್ಲದ ಸಣ್ಣ ಕಂಪನಿಯದು. ಅದರ ವಹಿವಾಟು 9.15ಕ್ಕೆ ಆರಂಭವಾಗಿ 3.30ಕ್ಕೆ ಮುಗಿಯುತ್ತದೆ. ಈ ಆರೂಕಾಲು ಗಂಟೆಯನ್ನು ಗಂಟೆಯ ಲೆಕ್ಕದಲ್ಲಿ ಎರಡು ಬಗೆಯಾಗಿ ಕತ್ತರಿಸಬಹುದು. ಬ್ರೋಕರ್ ಆ್ಯಪ್ 9.15ರಿಂದಲೇ ಎಣಿಸುತ್ತಿತ್ತು: 9.15ರಿಂದ 10.15, ಅಲ್ಲಿಂದ 11.15, ಹೀಗೆ. ಚಾರ್ಟ್ ಆ್ಯಪ್ ಗಡಿಯಾರದ ಮುಳ್ಳನ್ನು ಹಿಡಿದಿತ್ತು: ಮೊದಲ ಕ್ಯಾಂಡಲ್ 9.15ರಿಂದ 10ರವರೆಗಿನ ಮುಕ್ಕಾಲು ಗಂಟೆ ಮಾತ್ರ, ಎರಡನೆಯದು 10ರಿಂದ 11.

ಬೆಲೆಗಳನ್ನು ಹಾಳೆಯ ಮೇಲೆ ಬರೆದುಕೊಂಡೆವು. 10 ಗಂಟೆಗೆ 506 ರೂಪಾಯಿ, 10.15ಕ್ಕೆ 503, 11ಕ್ಕೆ 504, 11.15ಕ್ಕೆ 507. ಬ್ರೋಕರ್ ಆ್ಯಪ್‌ನ ಎರಡನೇ ಕ್ಯಾಂಡಲ್ 503ರಲ್ಲಿ ತೆರೆದು 507ರಲ್ಲಿ ಮುಗಿದಿದ್ದರಿಂದ ಹಸಿರು. ಇನ್ನೊಂದರಲ್ಲಿ ಅದು 506ರಲ್ಲಿ ತೆರೆದು 504ರಲ್ಲಿ ಮುಗಿದಿದ್ದರಿಂದ ಕೆಂಪು. ಒಂದೇ ಒಂದು ವಹಿವಾಟೂ ಬೇರೆಯಾಗಿಲ್ಲ, ಕತ್ತರಿ ಬಿದ್ದ ಜಾಗ ಮಾತ್ರ ಬೇರೆ. ಗಂಟೆಯ ಕ್ಯಾಂಡಲ್ ಮೇಲೆ ಲೆಕ್ಕ ಹಾಕುವ ಮೂವಿಂಗ್ ಆವರೇಜ್, ಆರ್‌ಎಸ್‌ಐ ಮುಂತಾದ ಸೂಚಕಗಳೂ ಇದರ ಜೊತೆಗೇ ಬದಲಾಗುತ್ತವೆ. “ಕೆಂಪು ಬಂದರೆ ಮಾರು” ಎಂದು ಯಾರಾದರೂ ಹೇಳಿಕೊಟ್ಟಿದ್ದರೆ, ಅವರು ಯಾವ ಕತ್ತರಿಯ ಕೆಂಪನ್ನು ನೋಡಿ ಹೇಳಿದರು ಎಂದು ಕೇಳಲೇಬೇಕು. ಐದು ಅಥವಾ ಹದಿನೈದು ನಿಮಿಷದ ಚಾರ್ಟ್‌ನಲ್ಲಿ ಈ ಗೊಂದಲ ಹುಟ್ಟುವುದಿಲ್ಲ. 9.15 ಎರಡೂ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ದಿನದ ಕ್ಯಾಂಡಲ್‌ನಲ್ಲಿ ತೊಡಕು ಇನ್ನೊಂದು ಬಗೆಯದು, ನನ್ನ ಪ್ರಕಾರ ಇನ್ನೂ ಹೆಚ್ಚು ಜನರನ್ನು ದಾರಿ ತಪ್ಪಿಸುವಂಥದ್ದು. ಇಂಥ ಷೇರಿನ ಅಧಿಕೃತ ಮುಕ್ತಾಯ ಬೆಲೆ ಎಂದರೆ ಕೊನೆಯ ವಹಿವಾಟಿನ ಬೆಲೆಯಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಯಾವ ಬೆಲೆಗೆ ಎಷ್ಟು ಷೇರು ಕೈಬದಲಾಯಿತು ಎಂಬುದನ್ನು ಲೆಕ್ಕಕ್ಕೆ ಹಿಡಿದು ತೆಗೆದ ಸರಾಸರಿ ಅದು. ಹಿರಿಯರಿಗೆ ಇದನ್ನು ಎಪಿಎಂಸಿ ಮಾತಿನಲ್ಲಿ ಹೇಳಿದೆ: ಯಾರ್ಡ್‌ನಲ್ಲಿ ಸಂಜೆ ಕೊನೆಗೆ ಹರಾಜಾದ ಎರಡು ಚೀಲ ತೊಗರಿಯ ದರವನ್ನೇ ಆ ದಿನದ ದರ ಎಂದು ಯಾರೂ ಬರೆಯುವುದಿಲ್ಲ. ಅವರು ತಕ್ಷಣ ತಲೆಯಾಡಿಸಿದರು.

ಆ ದಿನ ಷೇರು ತೆರೆದದ್ದು 500ಕ್ಕೆ. ಕೊನೆಯ ಅರ್ಧ ಗಂಟೆಯ ಬಹುಪಾಲು ವಹಿವಾಟು 498ರ ಆಸುಪಾಸಿನಲ್ಲೇ ನಡೆಯಿತು. ಕೊನೆಯ ಕ್ಷಣದಲ್ಲಿ ಯಾರೋ ಒಂದಿಷ್ಟು ಷೇರನ್ನು 502ಕ್ಕೆ ಕೊಂಡರು. ಕೊನೆಯ ವಹಿವಾಟನ್ನು ಹಿಡಿಯುವ ಚಾರ್ಟ್‌ನಲ್ಲಿ ದಿನದ ಕ್ಯಾಂಡಲ್ ಹಸಿರಾಗಿಯೂ ಸರಾಸರಿಯನ್ನು ಹಿಡಿಯುವ ಚಾರ್ಟ್‌ನಲ್ಲಿ ಕೆಂಪಾಗಿಯೂ ಉಳಿಯಿತು. ಮರುದಿನದ ಶೇಕಡಾವಾರು ಏರಿಳಿತವನ್ನು ವಿನಿಮಯ ಕೇಂದ್ರ ಲೆಕ್ಕ ಹಾಕುವುದು ಸರಾಸರಿಯಿಂದಲೇ. ಸಂದೇಹ ಬಂದಾಗ ಎನ್‌ಎಸ್‌ಇ ಪ್ರತಿ ಸಂಜೆ ಹೊರಡಿಸುವ ಭಾವ್‌ಕಾಪಿ ಕಡತವನ್ನು ತೆರೆದು ನೋಡಬೇಕು. ಅದರಲ್ಲಿ ClsPric ಎಂಬ ಅಂಕಣದಲ್ಲಿ ಅಧಿಕೃತ ಮುಕ್ತಾಯ ಬೆಲೆಯೂ LastPric ಎಂಬುದರಲ್ಲಿ ಕೊನೆಯ ವಹಿವಾಟಿನ ಬೆಲೆಯೂ ಬೇರೆಬೇರೆಯಾಗಿ ಇರುತ್ತವೆ. ನಿಮ್ಮ ಚಾರ್ಟ್‌ನ ಅಂಕಿ ಯಾವುದಕ್ಕೆ ಹೊಂದುತ್ತದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇನ್ನು ಕ್ಯಾಂಡಲ್‌ಗಳ ಬತ್ತಿ, ಅಂದರೆ ಆ ಅವಧಿಯಲ್ಲಿ ಬೆಲೆ ಮುಟ್ಟಿದ ಮೇಲಿನ, ಕೆಳಗಿನ ತುದಿಯನ್ನು ತೋರಿಸುವ ಗೆರೆ. ಅನೇಕ ಆ್ಯಪ್‌ಗಳಿಗೆ ಪ್ರತಿಯೊಂದು ವಹಿವಾಟೂ ಬರುವುದಿಲ್ಲ, ಆಗಾಗ ತೆಗೆದ ಬೆಲೆಯ ಚಿತ್ರ ಮಾತ್ರ ಬರುತ್ತದೆ. ಎರಡು ಚಿತ್ರಗಳ ನಡುವೆ ಬೆಲೆ ಒಮ್ಮೆ ಕೆಳಗಿಳಿದು ಮೇಲೆ ಬಂದರೆ ಆ ಬತ್ತಿ ಮೂಡದೆಯೇ ಹೋಗಬಹುದು. ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂದು ನೀವು ಮೊದಲೇ ಹಾಕಿಟ್ಟ ಸ್ಟಾಪ್‌ಲಾಸ್ ಮಾತ್ರ ವಿನಿಮಯ ಕೇಂದ್ರದಲ್ಲಿ ಮುಟ್ಟಿಯೇ ಇರುತ್ತದೆ. “ಚಾರ್ಟ್‌ನಲ್ಲಿ ಆ ಬೆಲೆಯೇ ಇಲ್ಲ, ಹಾಗಾದರೆ ನನ್ನ ಷೇರು ಹೇಗೆ ಮಾರಾಟವಾಯಿತು?” ಎಂಬ ಜಗಳಗಳಲ್ಲಿ ಕೆಲವು ಇಲ್ಲಿ ಹುಟ್ಟಿದವು. ಕಂಪನಿಯ ಹೆಸರಿನ ಹಿಂದೆ NSE ಇದೆಯೋ BSE ಇದೆಯೋ ಎಂಬುದನ್ನೂ ಆಗಲೇ ನೋಡಬೇಕು. ಅವು ಎರಡು ಬೇರೆ ಮಾರುಕಟ್ಟೆಗಳು, ವಹಿವಾಟುಗಳೂ ಬೇರೆ.

ಉಚಿತ ಚಾರ್ಟ್‌ಗಳಲ್ಲಿ ಬೆಲೆ ಹದಿನೈದು ನಿಮಿಷ ತಡವಾಗಿ ಬರುವುದೂ ಉಂಟು, ಏಕೆಂದರೆ ಆ ಕ್ಷಣದ ಬೆಲೆಗೆ ವಿನಿಮಯ ಕೇಂದ್ರ ಶುಲ್ಕ ಪಡೆಯುತ್ತದೆ. ಆಕಾರದಲ್ಲಿ ವ್ಯತ್ಯಾಸ ಕಾಣದ ಕಾರಣ ಇದನ್ನು ಹಿಡಿಯುವುದು ಕಷ್ಟ. ಬೆಳಿಗ್ಗೆ ಒಂದು ನಿಮಿಷದ ಚಾರ್ಟ್ ತೆರೆದು ಗಡಿಯಾರ ನೋಡಬೇಕು: 9.15ರ ಕ್ಯಾಂಡಲ್ 9.30ಕ್ಕೆ ಮೂಡಿದರೆ ಆ ಚಾರ್ಟ್ ನೋಡಿ ಆರ್ಡರ್ ಹಾಕಬಾರದು. ಹಿರಿಯರ ಮಗ ಹಾಕಿಕೊಟ್ಟ ಆ್ಯಪ್ ಇಂಥದ್ದೇ ಆಗಿತ್ತು. ಸಂಜೆ ಹಳೆಯ ಚಾರ್ಟ್ ಓದಲು ಅದನ್ನು ಇಟ್ಟುಕೊಳ್ಳಿ, ಆರ್ಡರ್ ಹಾಕುವಾಗ ಬ್ರೋಕರ್ ಆ್ಯಪ್‌ನ ಬೆಲೆಯನ್ನಷ್ಟೇ ನೋಡಿ ಎಂದೆ.