ಪಾಲಿಸಿ ದಿನ ನಿಲ್ಲಿಸಿದ ಪ್ರೋಗ್ರಾಂ, ಮತ್ತೆ ಯಾವಾಗ ಶುರು?

2025ರ ಜೂನ್ 6, ಶುಕ್ರವಾರ. ಬೆಳಗ್ಗೆ ಹತ್ತು ಗಂಟೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹಣಕಾಸು ನೀತಿ ಓದಲು ಕೂತರು. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಕಾಲು ಪರ್ಸೆಂಟ್ ಇಳಿಯಬಹುದು ಎಂದು ಹೆಚ್ಚಿನವರು ಲೆಕ್ಕ ಹಾಕಿದ್ದರು. ಇಳಿದದ್ದು ಅರ್ಧ ಪರ್ಸೆಂಟ್, 6ರಿಂದ 5.5ಕ್ಕೆ. ಜೊತೆಗೆ ನೀತಿಯ ನಿಲುವನ್ನು ‘ಸಡಿಲ’ದಿಂದ ‘ತಟಸ್ಥ’ಕ್ಕೆ ಬದಲಾಯಿಸಿದ್ದೇವೆ ಅಂದರು. ಅಂದರೆ ಒಂದು ಕೈಯಲ್ಲಿ ಜಾಸ್ತಿ ಕೊಟ್ಟು, ಇನ್ನೊಂದು ಕೈಯಲ್ಲಿ ‘ಇನ್ನು ಮುಂದೆ ಹೆಚ್ಚು ನಿರೀಕ್ಷೆ ಬೇಡ’ ಎಂದ ಹಾಗೆ. ಭಾಷಣ ಇನ್ನಷ್ಟು ಮುಂದೆ ಹೋದ ಮೇಲೆ ಮೂರನೆಯ ಸುದ್ದಿ ಬಂತು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲು, ಅಂದರೆ ಸಿಆರ್‌ಆರ್, ನಾಲ್ಕು ಕಂತಿನಲ್ಲಿ ಪೂರಾ ಒಂದು ಪರ್ಸೆಂಟ್ ಇಳಿಯಲಿದೆ. ಬ್ಯಾಂಕುಗಳ ಕೈಗೆ ಬರುವ ಹಣ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ.

ಬ್ಯಾಂಕ್ ಷೇರುಗಳು ಜಿಗಿದವು. ಸರ್ಕಾರಿ ಬಾಂಡುಗಳ ಕಥೆ ಬೇರೆಯೇ ಆಯಿತು. ಮೊದಲು ಬೆಲೆ ಏರಿತು, ಆಮೇಲೆ ‘ತಟಸ್ಥ’ ಎಂಬ ಪದದ ಅರ್ಥ ತಲೆಗೆ ಇಳಿದಂತೆ ಆ ಗಳಿಕೆ ಕರಗಿತು. ಒಂದೇ ಭಾಷಣ, ಒಂದೇ ಬೆಳಗ್ಗೆ, ಎರಡು ದಿಕ್ಕು.

ಷೇರು, ಫ್ಯೂಚರ್ಸ್‌ಗಳಲ್ಲಿ ತಾನಾಗಿಯೇ ಆರ್ಡರ್ ಹಾಕುವ ಪ್ರೋಗ್ರಾಂ ಬರೆಯುವವರು ಇಂಥ ದಿನ ಅದನ್ನು ಹತ್ತು ಗಂಟೆಗೆ ಮುಂಚೆಯೇ ನಿಲ್ಲಿಸಿಬಿಡುತ್ತಾರೆ. ಇದರಲ್ಲಿ ಜಾಣತನ ಏನೂ ಬೇಕಿಲ್ಲ. ಹಣಕಾಸು ನೀತಿ ಸಮಿತಿಯ ಸಭೆಯ ದಿನಾಂಕಗಳನ್ನು ರಿಸರ್ವ್ ಬ್ಯಾಂಕ್ ಹಣಕಾಸು ವರ್ಷ ಶುರುವಾಗುವ ಹೊತ್ತಿಗೇ ಪ್ರಕಟಿಸುತ್ತದೆ. ಈಗಿನ ರೂಢಿಯಲ್ಲಿ ವರ್ಷಕ್ಕೆ ಆರು ಸಭೆ. ಕ್ಯಾಲೆಂಡರ್ ನೋಡಿ ಸ್ವಿಚ್ ಆಫ್ ಮಾಡಿದರಾಯಿತು. ತಲೆನೋವು ಇರುವುದು ಮತ್ತೆ ಆನ್ ಮಾಡುವುದರಲ್ಲಿ. ಅದಕ್ಕೆ ಯಾವ ಕ್ಯಾಲೆಂಡರೂ ಇಲ್ಲ.

ನಾನು ಮೊದಮೊದಲು ‘9:55ಕ್ಕೆ ನಿಲ್ಲು, 10:15ಕ್ಕೆ ಶುರುವಾಗು’ ಎಂದು ಬರೆದಿದ್ದೆ. ಇಪ್ಪತ್ತು ನಿಮಿಷ ಸಾಕಲ್ವಾ ಅಂದುಕೊಂಡಿದ್ದೆ. ಆದರೆ ಗವರ್ನರ್ ಇನ್ನೂ ಮಾತಾಡುತ್ತಲೇ ಇರುತ್ತಾರೆ. ರೆಪೊ ದರದ ನಿರ್ಧಾರ ಭಾಷಣದ ಮೊದಲ ಭಾಗದಲ್ಲಿ ಬರುತ್ತದೆ. ಆಮೇಲೆ ಬೆಳವಣಿಗೆ, ಹಣದುಬ್ಬರ. ಸಿಆರ್‌ಆರ್‌ನಂಥ ನಗದಿನ ವಿಷಯಗಳಿಗೆ ಸರದಿ ಬರುವುದು ಅದಾದ ಮೇಲೆ. ಮಧ್ಯಾಹ್ನ ಹನ್ನೆರಡಕ್ಕೆ ಪತ್ರಿಕಾಗೋಷ್ಠಿ ಬೇರೆ. 10:15 ಎಂಬ ಅಂಕಿಗೆ ಇವು ಯಾವುದೂ ಗೊತ್ತಿರಲಿಲ್ಲ.

ಹಾಗಾದರೆ ಮಾರುಕಟ್ಟೆ ‘ಶಾಂತವಾಯಿತು’ ಎಂದು ಹೇಳುವುದು ಹೇಗೆ? ಅದಕ್ಕೆ ಮೊದಲು ಅಲ್ಲಿ ಕೆಡುವುದೇನು ಎಂದು ನೋಡಬೇಕು.

ಅಡಿಕೆ ವ್ಯಾಪಾರಿಯನ್ನು ನೆನೆಸಿಕೊಳ್ಳಿ. ಆಮದು ಸುಂಕದ ಬಗ್ಗೆ ಇನ್ನು ಐದು ನಿಮಿಷದಲ್ಲಿ ಸುದ್ದಿ ಬರಲಿದೆ. ಈಗ ನೀವು ಹೋಗಿ ‘ಕ್ವಿಂಟಾಲಿಗೆ ಎಷ್ಟು?’ ಎಂದು ಕೇಳಿದರೆ ಅವನು ಸರಿಯಾದ ರೇಟು ಹೇಳುವುದಿಲ್ಲ. ಹೇಳಿದರೂ ಕೊಳ್ಳುವ ರೇಟು ತುಂಬಾ ಕೆಳಗೆ, ಮಾರುವ ರೇಟು ತುಂಬಾ ಮೇಲೆ ಇರುತ್ತದೆ. ಸುದ್ದಿ ತನಗಿಂತ ಮೊದಲು ಸಿಕ್ಕವನು ಬಂದು ತನ್ನ ಹಳೆಯ ರೇಟಿಗೆ ಮಾಲು ಎತ್ತಿಕೊಂಡು ಹೋದರೆ ನಷ್ಟ ತನ್ನದೇ ಎಂದು ಅವನಿಗೆ ಗೊತ್ತು. ಎಲೆಕ್ಟ್ರಾನಿಕ್ ಮಾರುಕಟ್ಟೆಯಲ್ಲೂ ಹೀಗೆಯೇ. ಕೊಳ್ಳುವ, ಮಾರುವ ಎರಡೂ ಬೆಲೆ ಹಾಕಿ ಕೂತವರು ಘೋಷಣೆಗೆ ಮುಂಚೆ ತಮ್ಮ ಆರ್ಡರ್‌ಗಳನ್ನು ವಾಪಸ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ದೂರ ಸರಿಸುತ್ತಾರೆ. ಎರಡು ಬೆಲೆಗಳ ನಡುವಿನ ಅಂತರಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಅದು ಅಗಲವಾಗುತ್ತದೆ. ಪ್ರತಿ ಬೆಲೆಯಲ್ಲೂ ಸಿಗುವ ಮಾಲು ಕಡಿಮೆಯಾಗುತ್ತದೆ. ಆಗ ಪುಟ್ಟ ಆರ್ಡರ್ ಕೂಡ ಬೆಲೆಯನ್ನು ಜೋರಾಗಿ ಅಲ್ಲಾಡಿಸುತ್ತದೆ.

ಅರ್ಥಶಾಸ್ತ್ರಜ್ಞರಾದ ಮೈಕೆಲ್ ಫ್ಲೆಮಿಂಗ್ ಮತ್ತು ಎಲಿ ರೆಮೊಲೊನಾ 1999ರಲ್ಲಿ ಇದನ್ನು ಅಮೆರಿಕದ ಸರ್ಕಾರಿ ಬಾಂಡ್ ಮಾರುಕಟ್ಟೆಯಲ್ಲಿ ತೋರಿಸಿದರು. ಅವರು ನೋಡಿದ್ದು ಉದ್ಯೋಗದ ಅಂಕಿಅಂಶದಂಥ ನಿಗದಿತ ಸುದ್ದಿಗಳನ್ನು. ಅವರಿಗೆ ಎರಡು ಹಂತ ಕಂಡವು. ಮೊದಲ ಹಂತ ಒಂದೆರಡು ನಿಮಿಷದ್ದು. ಬೆಲೆ ಸರ್ರನೆ ಜಿಗಿಯುತ್ತದೆ, ಸ್ಪ್ರೆಡ್ ಅಗಲವಾಗುತ್ತದೆ. ತಮಾಷೆ ಏನೆಂದರೆ ಆಗ ವ್ಯಾಪಾರ ಕಡಿಮೆ ಇರುತ್ತದೆ. ಎರಡನೆಯ ಹಂತದಲ್ಲಿ ವ್ಯಾಪಾರ ಉಕ್ಕುತ್ತದೆ, ಏರಿಳಿತ ಗಂಟೆಗಟ್ಟಲೆ ಉಳಿಯಬಹುದು. ಸುದ್ದಿ ಏನೆಂದು ಎಲ್ಲರಿಗೂ ಗೊತ್ತು, ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದರ ಬಗ್ಗೆ ಮಾತ್ರ ಒಮ್ಮತವಿಲ್ಲ. ಜೂನ್ 6ರ ಬಾಂಡುಗಳಿಗೆ ಆದದ್ದೂ ಇದೇ ಜಾತಿಯದು.

ಹಾಗಾಗಿ ಬೆಲೆಯ ಓಡಾಟ ಒಂದನ್ನೇ ನೋಡಿದರೆ ಸಾಲದು, ಸ್ಪ್ರೆಡ್ಡನ್ನೂ ನೋಡಬೇಕು. ನನ್ನನ್ನು ಕೇಳಿದರೆ ಎರಡರಲ್ಲಿ ಸ್ಪ್ರೆಡ್ಡಿನ ಮಾತಿಗೇ ಹೆಚ್ಚು ತೂಕ. ದಿನವಿಡೀ ಎರಡೂ ಬೆಲೆ ಹಾಕಿ ಕೂರುವವರು ‘ಇನ್ನು ಭಯವಿಲ್ಲ’ ಎಂದು ಹತ್ತಿರ ಬಂದರೆ ಮಾತ್ರ ಅದು ಕಿರಿದಾಗುತ್ತದೆ.

ಬೆಲೆಯ ಓಡಾಟ ಅಳೆಯುವಾಗ ಒಂದು ಮೋಸವಿದೆ. ಸಾಮಾನ್ಯವಾಗಿ ಎಲ್ಲರೂ ಕಳೆದ 15 ನಿಮಿಷದ ಬದಲಾವಣೆಗಳನ್ನು ತೆಗೆದುಕೊಂಡು, ಒಂದೊಂದನ್ನೂ ವರ್ಗ ಮಾಡಿ, ಸರಾಸರಿ ಹಿಡಿದು, ವರ್ಗಮೂಲ ತೆಗೆಯುತ್ತಾರೆ. ಮಾಮೂಲಿ ನಿಮಿಷದಲ್ಲಿ ಬೆಲೆ 0.04 ಪರ್ಸೆಂಟ್ ಅಲ್ಲಾಡುತ್ತದೆ ಎಂದಿಟ್ಟುಕೊಳ್ಳಿ. 10:02ಕ್ಕೆ ಒಂದೇ ನಿಮಿಷ 0.8 ಪರ್ಸೆಂಟ್ ಜಿಗಿಯಿತು. ಆಮೇಲೆ ಎಲ್ಲವೂ ಮಾಮೂಲಿ. ಲೆಕ್ಕ ಹಾಕಿದರೆ ಮೀಟರ್ ಸುಮಾರು 0.21 ತೋರಿಸುತ್ತದೆ, ಮಾಮೂಲಿಗಿಂತ ಐದು ಪಟ್ಟು. 10:10ಕ್ಕೂ ಅಷ್ಟೇ, 10:15ಕ್ಕೂ ಅಷ್ಟೇ. 10:17ಕ್ಕೆ ಆ ಒಂದು ನಿಮಿಷ ಲೆಕ್ಕದಿಂದ ಆಚೆ ಬಿದ್ದ ಕೂಡಲೇ ದಿಢೀರನೆ 0.04. ಮಾರುಕಟ್ಟೆ ಆಗಲೇನೂ ಬದಲಾಗಲಿಲ್ಲ. ನಾವು ಏರಿಳಿತ ಅಳೆಯುತ್ತಿದ್ದೇವೆ ಅಂದುಕೊಂಡಿದ್ದೆವು, ನಿಜವಾಗಿ ನೋಡುತ್ತಿದ್ದದ್ದು 15 ನಿಮಿಷದ ಗಡಿಯಾರವನ್ನು! ಗ್ರಾಫಿನಲ್ಲಿ ಇದನ್ನು ಗುರುತಿಸುವುದು ಸುಲಭ. ಮೇಜಿನಂತೆ ಚಪ್ಪಟೆಯಾಗಿದ್ದ ಗೆರೆ ಅಂಚಿನಲ್ಲಿ ನೇರ ಕೆಳಗೆ ಬಿದ್ದಿದ್ದರೆ ಇದೇ ತಪ್ಪು.

ಸರಾಸರಿಯ ಬದಲು ಮಧ್ಯದ ಅಂಕಿ ಹಿಡಿದರೆ ಇದು ತಪ್ಪುತ್ತದೆ. ಏರಿಕೆಯೋ ಇಳಿಕೆಯೋ ಎಂದು ನೋಡದೆ ಹದಿನೈದು ಬದಲಾವಣೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ಎಂಟನೆಯದನ್ನು ತೆಗೆದುಕೊಳ್ಳುವುದು. ಒಂದು ದೊಡ್ಡ ಜಿಗಿತ ಅದನ್ನು ಕೆಡಿಸುವುದಿಲ್ಲ. ಹೋಲಿಕೆ ಮಾತ್ರ ಅದೇ ಹೊತ್ತಿನ ಜೊತೆ ಇರಬೇಕು. ಬೆಳಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದಾಗ ಓಡಾಟ ಯಾವಾಗಲೂ ಜಾಸ್ತಿ, ಮಧ್ಯಾಹ್ನ ಕಡಿಮೆ. ಹಾಗಾಗಿ ಹತ್ತೂಕಾಲರ ಮಾರುಕಟ್ಟೆಯನ್ನು ಕಳೆದ ಇಪ್ಪತ್ತು ದಿನಗಳ ಹತ್ತೂಕಾಲಿನೊಂದಿಗೇ ಹೋಲಿಸಬೇಕು. ಇಡೀ ದಿನದ ಸರಾಸರಿಗೆ ಹೋಲಿಸಿದರೆ ಬೆಳಗ್ಗೆ ಸುಮ್ನೆ ಕಾಯುತ್ತೀರಿ, ಮಧ್ಯಾಹ್ನ ಬೇಗ ಮೋಸ ಹೋಗುತ್ತೀರಿ.

ಇನ್ನೊಂದು ತೊಂದರೆ ಗಡಿಯಲ್ಲಿ ಆಗುವ ತೂಗಾಟ. ‘ಮಾಮೂಲಿಯ ಎರಡು ಪಟ್ಟಿಗಿಂತ ಕಡಿಮೆಯಾದರೆ ಶುರು, ಹೆಚ್ಚಾದರೆ ನಿಲ್ಲು’ ಎಂದು ಬರೆದರೆ ಅಳತೆ 1.9, 2.1, 1.9 ಎಂದು ಆಡುವಾಗ ಪ್ರೋಗ್ರಾಂ ಕೂಡ ಆನ್ ಆಫ್ ಆಡುತ್ತದೆ. ಪ್ರತಿ ಸಲ ಆರ್ಡರ್ ಹಾಕಿ ತೆಗೆಯುವ ಖರ್ಚು ಬೇರೆ. ಮನೆಯ ಸಂಪ್ ಮೋಟರಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿದವರಿಗೆ ಇದರ ಪರಿಹಾರ ಗೊತ್ತು. ಟ್ಯಾಂಕಿನಲ್ಲಿ ಎರಡು ಗುರುತು ಇರುತ್ತವೆ. ನೀರು ಕೆಳಗಿನ ಗುರುತಿಗೆ ಇಳಿದರೆ ಮೋಟರ್ ಶುರು, ಮೇಲಿನ ಗುರುತು ಮುಟ್ಟಿದರೆ ಬಂದ್. ನಡುವೆ ಏನಾದರೂ ಆಗಲಿ, ಇದ್ದ ಸ್ಥಿತಿಯಲ್ಲೇ ಇರುತ್ತದೆ. ನಾನು ಇಟ್ಟುಕೊಂಡ ಗುರುತುಗಳು 1.5 ಮತ್ತು 2.5. ಸ್ಪ್ರೆಡ್ ಮತ್ತು ಓಡಾಟ ಎರಡೂ ಹತ್ತು ನಿಮಿಷ ಬಿಡದೆ 1.5 ಪಟ್ಟಿನ ಕೆಳಗೆ ಇದ್ದರೆ ಶುರು. ಯಾವುದಾದರೂ ಒಂದು 2.5 ದಾಟಿದರೆ ಬಂದ್. ಇವು ನನ್ನ ಅಂಕಿಗಳು, ಶಾಸ್ತ್ರವಲ್ಲ. ನಿಮ್ಮ ಮಾರುಕಟ್ಟೆಯ ಹಳೆಯ ಪಾಲಿಸಿ ದಿನಗಳ ಮೇಲೆ ಓಡಿಸಿ ನೋಡಿಯೇ ನಿಮ್ಮವನ್ನು ಹುಡುಕಬೇಕು. ವರ್ಷಕ್ಕೆ ಆರೇ ದಿನ ಸಿಗುವುದರಿಂದ ಈ ಪರೀಕ್ಷೆಯನ್ನು ಬಹಳ ನಂಬುವ ಹಾಗೂ ಇಲ್ಲ.

ಇದರ ಜೊತೆ ಒಂದು ಸರಳ ಷರತ್ತು ಇದೆ. ಗವರ್ನರ್ ಭಾಷಣ ಮುಗಿಯುವ ತನಕ ಅಳತೆ ಏನೇ ಹೇಳಲಿ, ಶುರು ಇಲ್ಲ. ಜೂನ್ 6ರಂಥ ದಿನ ರೆಪೊ ಸುದ್ದಿಯ ನಂತರ ಮಾರುಕಟ್ಟೆ ಸ್ವಲ್ಪ ಸುಧಾರಿಸಿಕೊಂಡರೂ ಸಿಆರ್‌ಆರ್ ಇನ್ನೂ ಮುಂದಿರುತ್ತದೆ. ಹಿಂದಿನ ನಿಮಿಷಗಳನ್ನು ಅಳೆಯುವ ಯಾವ ಮೀಟರಿಗೂ ಮುಂದಿನ ವಾಕ್ಯ ಕಾಣುವುದಿಲ್ಲ. ಭಾಷಣವನ್ನು ಯೂಟ್ಯೂಬಿನಲ್ಲಿ ಕೇಳಿ ಕೈಯಾರೆ ಆನ್ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ನೇರಪ್ರಸಾರ ಹಲವು ಸೆಕೆಂಡು ಹಿಂದಿರುತ್ತದೆ. ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಬೆಲೆ ಆಗಲೇ ಓಡಿರುತ್ತದೆ.

ಶುರುವಾದ ಮೊದಲ ಕ್ಷಣವೂ ಅಪಾಯದ್ದೇ. ಬೆಲೆ ಸರಾಸರಿಯಿಂದ ಬಹಳ ದೂರ ಹೋದರೆ ವಾಪಸ್ ಬರುತ್ತದೆ ಎಂಬ ಲೆಕ್ಕದ ಮೇಲೆ ನಡೆಯುವ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದು ನಿಂತಾಗ ಸರಾಸರಿ ಹಳೆಯ ಬೆಲೆಯದು. ಎದ್ದಾಗ ಬೆಲೆ ಒಂದೂವರೆ ಪರ್ಸೆಂಟ್ ಮೇಲಿದೆ. ಪಾಪ, ಅದಕ್ಕೆ ರೆಪೊ ದರ ಗೊತ್ತಿಲ್ಲ. ‘ಅಯ್ಯೋ, ಇಷ್ಟು ದೂರ ಬಂದಿದೆ!’ ಎಂದು ಒಂದೇ ಉಸಿರಿಗೆ ಮಾರಲು ಹೊರಡುತ್ತದೆ. ನನ್ನದೂ ಒಮ್ಮೆ ಹೀಗೆ ಮಾಡಿತು. ಅದಕ್ಕೇ ಮತ್ತೆ ಶುರು ಮಾಡುವಾಗ ಹಳೆಯ ಸರಾಸರಿ ಬಿಸಾಕಿ, ಘೋಷಣೆಯ ನಂತರದ ಬೆಲೆಗಳಿಂದ ಹೊಸದಾಗಿ ಕಟ್ಟಿಕೊಳ್ಳಲು ಬಿಡಬೇಕು. ಮೊದಲ ಅರ್ಧ ಗಂಟೆ ಆರ್ಡರ್ ಗಾತ್ರ ಮಾಮೂಲಿಯ ಕಾಲು ಭಾಗ ಇದ್ದರೆ ಸಾಕು.

‘ನಿಲ್ಲಿಸು’ ಎಂಬ ಪದವನ್ನೂ ಬಿಡಿಸಿ ಬರೆಯಬೇಕು. ಹೊಸ ಆರ್ಡರ್ ಹಾಕಬೇಡ ಎಂಬುದು ಒಂದು. ಹಾಕಿ ಬಿಟ್ಟಿರುವ ಆರ್ಡರ್‌ಗಳನ್ನು ವಾಪಸ್ ತೆಗೆ ಎಂಬುದು ಇನ್ನೊಂದು. ಕೈಯಲ್ಲಿ ಆಗಲೇ ಇರುವ ಮಾಲನ್ನು ಏನು ಮಾಡಬೇಕು ಎಂಬುದು ಮೂರನೆಯದು. ಅನೇಕರು ಮೊದಲನೆಯದನ್ನಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು, ಇಡೀ ಪ್ರೋಗ್ರಾಂ ಮಲಗಿಸಿ ನಷ್ಟದ ಮಿತಿ ಕಾಯುವ ಭಾಗವನ್ನೂ ಮಲಗಿಸಿಬಿಡುವುದು. ಆ ಕಾವಲುಗಾರ ಎಚ್ಚರವಾಗಿಯೇ ಇರಬೇಕು. ಆದರೂ ತೆಳುವಾದ ಮಾರುಕಟ್ಟೆಯಲ್ಲಿ ಸ್ಟಾಪ್‌ಲಾಸ್ ಆರ್ಡರ್ ನೀವು ಬರೆದ ಬೆಲೆಗೇ ಆಗುತ್ತದೆ ಎಂಬ ಖಾತ್ರಿ ಇಲ್ಲ. ಹಾಗಾಗಿ ಘೋಷಣೆಗೆ ಮುಂಚೆಯೇ ಮಾಲು ಕಡಿಮೆ ಮಾಡಿಕೊಂಡಿರುವುದು ವಾಸಿ.

ಸರಕುಗಳ ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ಚಿನ್ನದ ಮೇಲೆ ವ್ಯಾಪಾರ ಮಾಡುವವರಿಗೆ ಈ ಮೂರನೆಯ ಪ್ರಶ್ನೆಯೇ ಎಲ್ಲ. ಅವರು ನೋಡುವುದು ಅಮೆರಿಕದ ಫೆಡರಲ್ ರಿಸರ್ವನ್ನು. ಅದರ ನಿರ್ಧಾರ ಅಲ್ಲಿನ ಮಧ್ಯಾಹ್ನ ಎರಡಕ್ಕೆ ಬರುತ್ತದೆ, ಎರಡೂವರೆಗೆ ಪತ್ರಿಕಾಗೋಷ್ಠಿ. ಆಗ ನಮ್ಮಲ್ಲಿ, ಅಲ್ಲಿನ ಬೇಸಿಗೆಯಾದರೆ ರಾತ್ರಿ 11:30, ಚಳಿಗಾಲವಾದರೆ 12:30. ಅವರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ಆದ್ದರಿಂದ ಸಮಯವನ್ನು ನಮ್ಮ ಗಂಟೆಯಲ್ಲಿ ಬರೆದಿಡದೆ `America/New_York` ಎಂಬ ವಲಯದಲ್ಲೇ ಬರೆಯಬೇಕು. ಎಂಸಿಎಕ್ಸ್ ಬೇಸಿಗೆಯಲ್ಲಿ 11:30ಕ್ಕೆ, ಚಳಿಗಾಲದಲ್ಲಿ 11:55ಕ್ಕೆ ಮುಚ್ಚುತ್ತದೆ. ಅಂದರೆ ಸುದ್ದಿ ಬರುವ ಹೊತ್ತಿಗೆ ಇಲ್ಲಿ ಬಾಗಿಲೇ ಹಾಕಿರುತ್ತದೆ. ನಿಲ್ಲಿಸಲು ಏನೂ ಉಳಿದಿಲ್ಲ, ಮಾಲು ಇಟ್ಟುಕೊಂಡು ಮಲಗಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ.

ಇನ್ನು ಕ್ಯಾಲೆಂಡರಿನಲ್ಲೇ ಇಲ್ಲದ ದಿನಗಳು. 2022ರ ಮೇ 4ರಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮಧ್ಯಾಹ್ನ ಎರಡು ಗಂಟೆಗೆ ಕಾಣಿಸಿಕೊಂಡು, ರೆಪೊ ದರವನ್ನು 4ರಿಂದ 4.4ಕ್ಕೆ, ಸಿಆರ್‌ಆರ್ ಅನ್ನು 4ರಿಂದ 4.5ಕ್ಕೆ ಏರಿಸಿದ್ದಾಗಿ ಹೇಳಿದರು. ಮುಂದಿನ ಸಭೆ ನಿಗದಿಯಾಗಿದ್ದದ್ದು ಜೂನ್‌ಗೆ. ಸೆನ್ಸೆಕ್ಸ್ ಆ ದಿನ 1,300ಕ್ಕೂ ಹೆಚ್ಚು ಅಂಕ ಕಳೆದುಕೊಂಡಿತು. ದಿನಾಂಕ ನೋಡಿ ನಿಲ್ಲುವ ಪ್ರೋಗ್ರಾಂಗಳೆಲ್ಲ ಆಗ ಎಂದಿನಂತೆ ಓಡುತ್ತಲೇ ಇದ್ದವು. 2.5 ಪಟ್ಟಿನ ಗುರುತು ಇಟ್ಟುಕೊಂಡಿದ್ದವು ಮಾತ್ರ, ಮೊದಲ ಜಿಗಿತದ ಪೆಟ್ಟು ತಿಂದು, ಸ್ಪ್ರೆಡ್ ಅಗಲವಾದದ್ದನ್ನು ನೋಡಿ ನಿಲ್ಲಬಹುದಿತ್ತು.