ಗಡಿಯಾರದ ಹನ್ನೆರಡಕ್ಕೆ ನೆರಳು ಮಾಯವಾಗುವುದಿಲ್ಲ

ದಾವಣಗೆರೆಯ ಸುತ್ತಮುತ್ತಲ ಶಾಲೆಗಳಿಗೆ ಶೂನ್ಯ ನೆರಳಿನ ದಿನ ತೋರಿಸಲು ಹೋಗುವ ಭೌತಶಾಸ್ತ್ರದ ಅಧ್ಯಾಪಕ ನಾನು. ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಕ್ಕೂ ನೆರಳಿಲ್ಲದಂತಾಗುವ ದಿನ ಅದು; ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ. ವರ್ಷ ವರ್ಷವೂ ಕೇಳುವ ದೂರು ಒಂದೇ: “ಸರ್, ನೀವು ಹೇಳಿದ ದಿನವೇ ನೋಡಿದೆವು. ನೆರಳು ಇದ್ದೇ ಇತ್ತು.” ಎಷ್ಟು ಹೊತ್ತಿಗೆ ನೋಡಿದಿರಿ ಎಂದರೆ ಉತ್ತರವೂ ಒಂದೇ: “ಸರಿಯಾಗಿ ಹನ್ನೆರಡಕ್ಕೆ.”

ಸೂರ್ಯನಿಗೆ ನಮ್ಮ ಗಡಿಯಾರದ ಹನ್ನೆರಡು ಗೊತ್ತಿಲ್ಲ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಆ ರೇಖೆ ಹಾದುಹೋಗುವುದು ಆಂಧ್ರದ ಕಾಕಿನಾಡದ ಹತ್ತಿರ. ದಾವಣಗೆರೆ ಇರುವುದು 75.9ರಲ್ಲಿ, ಆರೂವರೆ ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಹಾಗಾಗಿ ಅಲ್ಲಿ ನೆತ್ತಿ ದಾಟಿದ ಸೂರ್ಯ ನಮ್ಮ ನೆತ್ತಿಗೆ ಬರಲು ಸುಮಾರು 26 ನಿಮಿಷ ಹಿಡಿಯುತ್ತದೆ. ಇದರ ಮೇಲೆ ಇನ್ನೊಂದು ಸಣ್ಣ ಲೆಕ್ಕವಿದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಆದ್ದರಿಂದ ಸೂರ್ಯ ಏಪ್ರಿಲ್ ಕೊನೆಯಲ್ಲಿ ಎರಡೂವರೆ ನಿಮಿಷ ಬೇಗ ಬರುತ್ತಾನೆ, ಆಗಸ್ಟ್ ನಡುವಿನಲ್ಲಿ ಐದು ನಿಮಿಷ ತಡ ಮಾಡುತ್ತಾನೆ. ಎರಡನ್ನೂ ಕೂಡಿಸಿ ಕಳೆದರೆ ಏಪ್ರಿಲ್ 29ರ ಸುಮಾರಿಗೆ ದಾವಣಗೆರೆಯ ನಿಜವಾದ ನಡುಹಗಲು 12:24ಕ್ಕೆ, ಆಗಸ್ಟ್ 13-14ರ ಸುಮಾರಿಗೆ 12:31ಕ್ಕೆ. ಚಿತ್ರದುರ್ಗದಲ್ಲಿ ಎರಡು ನಿಮಿಷ ಮೊದಲು.

ಇಷ್ಟು ಲೆಕ್ಕ ಬೇಡವೆನ್ನುವವರು ತಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತಗಳ ನಡುವಿನ ಹೊತ್ತನ್ನು ಹಿಡಿಯಲಿ. ಏಪ್ರಿಲ್ 29ರಂದು ಇಲ್ಲಿ ಸೂರ್ಯ ಸುಮಾರು 6:05ಕ್ಕೆ ಹುಟ್ಟಿ ಸಂಜೆ 6:43ಕ್ಕೆ ಮುಳುಗುತ್ತಾನೆ. ನಡುವೆ ಬರುವುದು 12:24. ಪಂಚಾಂಗದ ಅಭಿಜಿನ್ ಮುಹೂರ್ತದ ನಟ್ಟನಡುವೂ ಇದೇ ಕ್ಷಣ. ಮುಹೂರ್ತವನ್ನು ನಿಮಿಷ ಬಿಡದೆ ನೋಡುವ ನಮ್ಮ ಜನ ನೆರಳಿನ ವಿಷಯದಲ್ಲಿ ಮಾತ್ರ ಗೋಡೆ ಗಡಿಯಾರವನ್ನು ನಂಬುವುದು ನನಗೆ ಅರ್ಥವಾಗುವುದಿಲ್ಲ.

ಒಂದು ಆಗಸ್ಟ್‌ನಲ್ಲಿ ಇಲ್ಲಿನದೇ ಒಂದು ಶಾಲೆಗೆ ನಾನು ತಲುಪಿದ್ದು 12:20ಕ್ಕೆ. ಮೋಡ ಸರಿದಿತ್ತು, ಸ್ವಾತಂತ್ರ್ಯ ದಿನದ ಪಥಸಂಚಲನದ ತಾಲೀಮು ಮುಗಿದಿತ್ತು. ಹನ್ನೆರಡಕ್ಕೆ ಮಕ್ಕಳನ್ನೆಲ್ಲ ಆರು ಮೀಟರಿನ ಧ್ವಜಸ್ತಂಭದ ಸುತ್ತ ನಿಲ್ಲಿಸಿ, ಪಶ್ಚಿಮಕ್ಕೆ ಮುಕ್ಕಾಲು ಮೀಟರ್ ಬಿದ್ದಿದ್ದ ನೆರಳು ನೋಡಿ, ಮುಖ್ಯೋಪಾಧ್ಯಾಯರು ಅವರನ್ನು ಒಳಗೆ ಕಳುಹಿಸಿಬಿಟ್ಟಿದ್ದರು. ಮತ್ತೆ ಕರೆಯಿರಿ ಎಂದು ಬೇಡಿಕೊಂಡೆ. ಪುಣ್ಯಕ್ಕೆ ಒಪ್ಪಿದರು. ನೆರಳಿನ ತುದಿಗೆ ಎರಡೆರಡು ನಿಮಿಷಕ್ಕೊಮ್ಮೆ ಸೀಮೆಸುಣ್ಣದ ಗುರುತು ಹಾಕುವ ಕೆಲಸವನ್ನು ಐದನೇ ತರಗತಿಯ ಇಬ್ಬರಿಗೆ ಕೊಟ್ಟೆ. ನೆರಳು ಕಂಬದ ಬುಡದ ಕಡೆಗೆ ಸರಿಯುತ್ತ ಬಂದಂತೆ ಮಕ್ಕಳ ಮಾತು ನಿಂತಿತು. ಆದರೆ 12:31ಕ್ಕೂ ಒಂದು ಗೇಣು ನೆರಳು ಉಳಿಯಿತು!

ಮುಖ್ಯೋಪಾಧ್ಯಾಯರು ನನ್ನ ಮುಖ ನೋಡಿದರು. ನಾನು ಕಂಬ ನೋಡಿದೆ. ಗಾರೆ ಕೆಲಸದವರ ತೂಗುಗುಂಡನ್ನು ಹಿಡಿದು ನೋಡಿದರೆ ಅದು ಎರಡು ಡಿಗ್ರಿಯಷ್ಟು ವಾಲಿತ್ತು. ಆರು ಮೀಟರಿನ ಕಂಬಕ್ಕೆ ಅಷ್ಟೇ ಸಾಕು, ಗೇಣು ನೆರಳಾಗುತ್ತದೆ. ಪಕ್ಕದಲ್ಲೇ ಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಪೈಪಿಗೆ ನೆರಳೇ ಇರಲಿಲ್ಲ. ಗುರುತು ಹಾಕುತ್ತಿದ್ದ ಹುಡುಗಿ ಪೈಪಿನ ಸುತ್ತ ಎರಡು ಸುತ್ತು ಬಂದು ಹುಡುಕಿದಳು.

ಪೈಪ್ ಗಿಡ್ಡವಿರಲಿ, ನೆಟ್ಟಗಿರಲಿ. ತಾರೀಖಿನ ಬಗ್ಗೆ ಅಷ್ಟು ಗಾಬರಿ ಬೇಡ. ಈ ದಿನಗಳಲ್ಲಿ ನಡುಹಗಲಿನ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದರಷ್ಟು ಮಾತ್ರ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಒಂದು ದಿನ ತಪ್ಪಿದರೆ ಮೀಟರ್ ಪೈಪಿಗೆ ಸಿಗುವುದು ಅರ್ಧ ಸೆಂಟಿಮೀಟರ್ ನೆರಳು. ಹೊತ್ತು ತಪ್ಪಿದರೆ ಹಾಗಲ್ಲ. ಏಪ್ರಿಲ್‌ನಲ್ಲಿ ಹನ್ನೆರಡಕ್ಕೆ ನೋಡಿದವರಿಗೆ ಅದೇ ಪೈಪಿನ ನೆರಳು ಹತ್ತು ಸೆಂಟಿಮೀಟರ್ ಇರುತ್ತದೆ.

ಎರಡೇ ದಿನ ಏಕೆ ಎನ್ನುವುದು ಇಷ್ಟೆಲ್ಲದರ ನಂತರ ಸುಲಭ. ದಾವಣಗೆರೆ ಭೂಮಧ್ಯರೇಖೆಯಿಂದ 14.46 ಡಿಗ್ರಿ ಉತ್ತರಕ್ಕಿದೆ. ಸೂರ್ಯ ಜೂನ್ 21ಕ್ಕೆ 23.4 ಡಿಗ್ರಿಯವರೆಗೆ ಹೋಗಿ ಹಿಂದಿರುಗುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮ ನೆತ್ತಿಯ ಮೇಲೆ ಹಾಯುತ್ತಾನೆ. ಹೋಗುವಾಗ ದಕ್ಷಿಣದ ಚಿತ್ರದುರ್ಗಕ್ಕೆ ನಮಗಿಂತ ಒಂದು ದಿನ ಮೊದಲೇ, ಏಪ್ರಿಲ್ 28ರ ಸುಮಾರಿಗೆ ಸರದಿ. ಏಪ್ರಿಲ್ 29ರಿಂದ ಜೂನ್ 21ಕ್ಕೆ 53 ದಿನ, ಅಲ್ಲಿಂದ ಆಗಸ್ಟ್ 13ಕ್ಕೂ 53 ದಿನ.

ಈ ನಡುವಿನ ಮೂರೂವರೆ ತಿಂಗಳು ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಅಷ್ಟು ದಿನವೂ ನಡುಹಗಲ ನೆರಳು ಬೀಳುವುದು ದಕ್ಷಿಣಕ್ಕೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ ಎಂದು ಕೊರಗುವ ಶಿಕ್ಷಕರು ಜೂನ್ 21ರ ಮಧ್ಯಾಹ್ನ ಸುಮಾರು 12:28ಕ್ಕೆ ಅದೇ ಪೈಪನ್ನು ನಿಲ್ಲಿಸಲಿ. ಬಿಸಿಲು ಬಿದ್ದರೆ ಹದಿನಾರು ಸೆಂಟಿಮೀಟರಿನ ನೆರಳು ದಕ್ಷಿಣದ ಕಡೆಗೆ ಚಾಚಿರುತ್ತದೆ.