ಬೇಲಿ ದಾಟಿ ಗೋಡೆ ಮುಟ್ಟುವ ಅತಿ ಗಿಡ್ಡ ಏಣಿ: ಘನಮೂಲ ಎಲ್ಲಿಂದ ಬರುತ್ತದೆ?

ಗೋಡೆಯ ಮುಂದೆ, ಅದಕ್ಕೆ ಸಮಾಂತರವಾಗಿ, ಒಂದು ಬೇಲಿ ಇದೆ. ಬೇಲಿಯ ಎತ್ತರ a, ಬೇಲಿಗೂ ಗೋಡೆಗೂ ನಡುವಿನ ದೂರ b. ಏಣಿಯ ಬುಡ ಬೇಲಿಯ ಹೊರಗೆ ನೆಲದ ಮೇಲಿರಬೇಕು, ತುದಿ ಗೋಡೆಯನ್ನು ಮುಟ್ಟಬೇಕು, ನಡುವೆ ಬೇಲಿ ಅಡ್ಡ ಬರಬಾರದು. ಇಂತಹ ಏಣಿ ಕನಿಷ್ಠ ಎಷ್ಟು ಉದ್ದವಿರಬೇಕು?

ಮೊದಲು ಒಂದು ಅಂಶವನ್ನು ಇತ್ಯರ್ಥ ಮಾಡಿಕೊಳ್ಳೋಣ. ಅತಿ ಗಿಡ್ಡ ಏಣಿ ಬೇಲಿಯ ತುದಿಯನ್ನು ತಾಗಿಕೊಂಡೇ ಇರುತ್ತದೆ. ಬೇಲಿಗೂ ಏಣಿಗೂ ನಡುವೆ ಸ್ವಲ್ಪ ಜಾಗ ಉಳಿದಿದ್ದರೆ, ಏಣಿಯ ಓರೆಯನ್ನು ಬದಲಿಸದೆ ಅದನ್ನು ಬೇಲಿಯ ಕಡೆಗೆ ಸರಿಸಿ, ಗೋಡೆಯೊಳಕ್ಕೆ ಹೋಗುವ ತುಂಡನ್ನು ಕತ್ತರಿಸಿ ಹಾಕಬಹುದು. ಆಗ ಇನ್ನೂ ಗಿಡ್ಡ ಏಣಿ ಸಿಗುತ್ತದೆ. ಆದ್ದರಿಂದ ಬೇಲಿಯ ತುದಿಯನ್ನು P ಎಂದು ಕರೆದು, P ಮೂಲಕ ಹಾದುಹೋಗುವ ಏಣಿಗಳನ್ನು ಮಾತ್ರ ನೋಡಿದರೆ ಸಾಕು. ಇನ್ನು ಬದಲಾಗುವುದು ಒಂದೇ ಒಂದು: ಏಣಿ ನೆಲದೊಂದಿಗೆ ಮಾಡುವ ಕೋನ θ.

ಹಲವರು ಇಲ್ಲಿ ಬುಡದ ದೂರವನ್ನು x ಎಂದು ಇಟ್ಟುಕೊಂಡು, ಪೈಥಾಗೊರಸ್ ಪ್ರಮೇಯ ಬಳಸಿ, ವರ್ಗಮೂಲದೊಳಗೆ ಸಿಕ್ಕಿಕೊಳ್ಳುತ್ತಾರೆ. ಅದೂ ಸರಿಯಾದ ದಾರಿಯೇ, ಆದರೆ ಅದರಲ್ಲಿ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಕೋನದ ದಾರಿ ಹಿಡಿದರೆ P ಏಣಿಯನ್ನು ಎರಡು ತುಂಡಾಗಿ ಮಾಡುತ್ತದೆ. ಕೆಳಗಿನ ತುಂಡು ಒಂದು ಲಂಬಕೋನ ತ್ರಿಭುಜದ ವಿಕರ್ಣ. ಅದರ ಎತ್ತರ a. ಮೇಲಿನ ತುಂಡು ಇನ್ನೊಂದು ಲಂಬಕೋನ ತ್ರಿಭುಜದ ವಿಕರ್ಣ. ಅದರ ಪಾದ b. ಹಾಗಾಗಿ

L = a / sin θ + b / cos θ

ಯಾವುದರ ಕೆಳಗೆ sin, ಯಾವುದರ ಕೆಳಗೆ cos ಎಂಬ ಗೊಂದಲ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಏಣಿ ಬಹುತೇಕ ಮಲಗಿದಾಗ ಬೇಲಿಯನ್ನು ದಾಟಲು ಬುಡ ತುಂಬಾ ಹೊರಗೆ ಹೋಗಬೇಕು, ಅಂದರೆ ಕೆಳಗಿನ ತುಂಡು ಮಿತಿಯಿಲ್ಲದೆ ಬೆಳೆಯಬೇಕು. θ ಸೊನ್ನೆಯ ಹತ್ತಿರ ಬಂದಾಗ ಬೆಳೆಯುವುದು 1/sin θ. ಏಣಿ ಬಹುತೇಕ ನೆಟ್ಟಗೆ ನಿಂತಾಗ ಮೇಲಿನ ತುಂಡು ಅದೇ ರೀತಿ ಬೆಳೆಯುತ್ತದೆ. ಎರಡೂ ಕೊನೆಗಳಲ್ಲಿ L ಅನಂತಕ್ಕೆ ಏರುವುದರಿಂದ ನಡುವೆ ಎಲ್ಲೋ ಒಂದು ಕನಿಷ್ಠ ಬೆಲೆ ಇದ್ದೇ ಇರುತ್ತದೆ.

ಅದು ಎಲ್ಲಿದೆ? ಸೂತ್ರಕ್ಕೆ ಮೊದಲು ಸಂಖ್ಯೆಗಳಲ್ಲೇ ನೋಡೋಣ. ಬೇಲಿ 2.7 ಮೀಟರ್ ಎತ್ತರ, ಗೋಡೆಯಿಂದ 0.8 ಮೀಟರ್ ದೂರ ಎಂದುಕೊಳ್ಳಿ. ಈ ಸಂಖ್ಯೆಗಳನ್ನು ಬೇಕೆಂದೇ ಆರಿಸಿದ್ದೇನೆ, ಕಾರಣ ಮುಂದೆ ತಿಳಿಯುತ್ತದೆ. ಏಣಿ 45 ಡಿಗ್ರಿಯಲ್ಲಿದ್ದಾಗ ಕೋನವನ್ನು ಒಂದು ಡಿಗ್ರಿ ಹೆಚ್ಚಿಸಿದರೆ ಕೆಳಗಿನ ತುಂಡು ಸುಮಾರು 6.5 ಸೆಂಟಿಮೀಟರ್ ಕುಗ್ಗುತ್ತದೆ, ಮೇಲಿನ ತುಂಡು 2 ಸೆಂಟಿಮೀಟರ್ ಮಾತ್ರ ಹಿಗ್ಗುತ್ತದೆ. ಲಾಭವೇ ಆಯಿತು. 70 ಡಿಗ್ರಿಯಲ್ಲಿ ಅದೇ ಕೆಲಸ ಮಾಡಿದರೆ ಕೆಳಗೆ ಸುಮಾರು 1.8 ಸೆಂಟಿಮೀಟರ್ ಉಳಿತಾಯ, ಮೇಲೆ ಸುಮಾರು 11.8 ಸೆಂಟಿಮೀಟರ್ ಖರ್ಚು. ಉಳಿತಾಯವೂ ಖರ್ಚೂ ಸಮನಾಗುವ ಕೋನವೇ ನಮಗೆ ಬೇಕಾದದ್ದು. ಅವಕಲನವನ್ನು ಸೊನ್ನೆಗೆ ಸಮೀಕರಿಸುವುದು ಎಂದರೆ ಇಷ್ಟೇ:

a cos θ / sin² θ = b sin θ / cos² θ

ಎಡಭಾಗ ಕೆಳಗಿನ ತುಂಡು ಕುಗ್ಗುವ ದರ, ಬಲಭಾಗ ಮೇಲಿನ ತುಂಡು ಹಿಗ್ಗುವ ದರ. ಕೋನ ಹೆಚ್ಚಿದಂತೆ ಎಡಭಾಗ ಇಳಿಯುತ್ತಲೇ ಹೋಗುತ್ತದೆ, ಬಲಭಾಗ ಏರುತ್ತಲೇ ಹೋಗುತ್ತದೆ. ಅವು ಒಂದೇ ಒಂದು ಸಲ ಸಂಧಿಸಬಲ್ಲವು. ಆದ್ದರಿಂದ ಎರಡನೇ ಅವಕಲನದ ಪರೀಕ್ಷೆಗೆ ಕಾಗದ ಖರ್ಚು ಮಾಡಬೇಕಾಗಿಲ್ಲ. ಅಡ್ಡ ಗುಣಿಸಿದರೆ

tan³ θ = a / b

ಘನಮೂಲ ಹುಟ್ಟುವುದು ಇಲ್ಲಿ. ದರದಲ್ಲಿ sin ಎರಡು ಸಲ ಛೇದದಲ್ಲಿ, ಒಂದು ಸಲ ಎದುರು ಭಾಗದ ಅಂಶದಲ್ಲಿ ಬಂದು, ಒಟ್ಟು ಮೂರಾಯಿತು.

ಈಗ L ಅನ್ನು ಕಂಡುಹಿಡಿಯಲು tan ನಿಂದ sin, cos ತೆಗೆದು ಹಾಕಿ ಒದ್ದಾಡುವ ಅಗತ್ಯವಿಲ್ಲ. tan³ θ = a/b ಎಂದರೆ a ಮತ್ತು b ಗಳು sin³ θ ಮತ್ತು cos³ θ ಗಳ ಅನುಪಾತದಲ್ಲಿವೆ. ಹಾಗಾಗಿ ಯಾವುದೋ ಒಂದು k ಗೆ a = k sin³ θ, b = k cos³ θ ಎಂದು ಬರೆಯಬಹುದು. ಇವನ್ನು L ನ ಸೂತ್ರದಲ್ಲಿ ಹಾಕಿದರೆ L = k sin² θ + k cos² θ = k. ಆ ಅಪರಿಚಿತ k ಬೇರೆ ಯಾವುದೂ ಅಲ್ಲ, ಏಣಿಯ ಉದ್ದವೇ! ಇನ್ನು sin² θ + cos² θ = 1 ಎಂಬುದನ್ನು a, b ಗಳಲ್ಲಿ ಬರೆದರೆ

L = (a^(2/3) + b^(2/3))^(3/2)

ನಮ್ಮ ಉದಾಹರಣೆಯಲ್ಲಿ a/b = 27/8, ಆದ್ದರಿಂದ tan θ = 3/2, θ ಸುಮಾರು 56.3 ಡಿಗ್ರಿ. ಏಣಿಯ ಬುಡ ಬೇಲಿಯಿಂದ 2.7 ÷ 1.5 = 1.8 ಮೀಟರ್ ಹೊರಗೆ ಇರುತ್ತದೆ. ಏಣಿಯ ತುದಿ ಬೇಲಿಯ ಮಟ್ಟಕ್ಕಿಂತ 0.8 × 1.5 = 1.2 ಮೀಟರ್ ಮೇಲೆ ಗೋಡೆಯನ್ನು ಮುಟ್ಟುತ್ತದೆ. ಒಟ್ಟಾರೆ ಪಾದ 2.6, ಎತ್ತರ 3.9, ಉದ್ದ √21.97, ಅಂದರೆ ಸುಮಾರು 4.69 ಮೀಟರ್.

ಈಗ ನಾಲ್ಕು ಅಳತೆಗಳನ್ನು ಸಾಲಾಗಿ ಇಟ್ಟು ನೋಡಿ: ಬೇಲಿಯ ಎತ್ತರ 2.7, ಬುಡದ ದೂರ 1.8, ಬೇಲಿಯ ಮೇಲಿನ ಏರಿಕೆ 1.2, ಗೋಡೆಯ ದೂರ 0.8. ಪ್ರತಿಯೊಂದೂ ಹಿಂದಿನದರ ಮೂರನೇ ಎರಡರಷ್ಟು. ಇದು ಸಂಖ್ಯೆಗಳ ಆಯ್ಕೆಯಿಂದ ಬಂದ ಆಕಸ್ಮಿಕವಲ್ಲ. ಅತಿ ಗಿಡ್ಡ ಏಣಿಯಲ್ಲಿ ಈ ನಾಲ್ಕು ಯಾವಾಗಲೂ ಗುಣೋತ್ತರ ಶ್ರೇಢಿಯಲ್ಲಿರುತ್ತವೆ. ಸಂಖ್ಯೆಗಳನ್ನು ಆರಿಸಿದ್ದು ಘನಮೂಲ ನಯವಾಗಿ ಬರಲಿ ಎಂದು ಮಾತ್ರ. ಎರಡು ಉದ್ದಗಳ ನಡುವೆ ಇಂತಹ ಎರಡು ಮಧ್ಯಗಳನ್ನು ಹುಡುಕುವುದು, ಘನವೊಂದರ ಗಾತ್ರವನ್ನು ಇಮ್ಮಡಿಗೊಳಿಸುವ ಪ್ರಾಚೀನ ಗ್ರೀಕ್ ಸಮಸ್ಯೆಯ ಇನ್ನೊಂದು ರೂಪ. ಬೈಜಾಂಟಿಯಮ್‌ನ ಫಿಲೋ ಆ ಸಮಸ್ಯೆಗೆ ಬಳಸಿದ ರೇಖೆಯೇ ನಮ್ಮ ಏಣಿ. ಇಂದಿಗೂ ಅದನ್ನು ಫಿಲೋ ರೇಖೆ ಎನ್ನುತ್ತಾರೆ. ಅಳತೆಪಟ್ಟಿಯನ್ನು ಗೆರೆ ಎಳೆಯಲು ಮಾತ್ರ ಬಳಸಿ, ಕೈವಾರದ ಸಹಾಯದಿಂದ ಘನವನ್ನು ಇಮ್ಮಡಿಗೊಳಿಸಲು ಸಾಧ್ಯವಿಲ್ಲ ಎಂದು ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದರು. ಹಾಗಾಗಿ a = 2, b = 1 ಇದ್ದರೆ ಅತಿ ಗಿಡ್ಡ ಏಣಿಯ ಚಿತ್ರವನ್ನು ಅವೆರಡೇ ಉಪಕರಣಗಳಿಂದ ನಿಖರವಾಗಿ ಬಿಡಿಸಲಾಗದು.

ಈ ಲೆಕ್ಕದಲ್ಲಿ ನಿಜವಾದ ಗುಂಡಿ ಬೇರೆಯೇ ಇದೆ. ಅವಕಲನ ಬೇಡ, ಸಮಾಂತರ ಮಾಧ್ಯ ಮತ್ತು ಗುಣೋತ್ತರ ಮಾಧ್ಯಗಳ ಅಸಮತೆಯೇ ಸಾಕು ಎಂದು ಹೊರಡುವವರು ಹೀಗೆ ವಾದಿಸುತ್ತಾರೆ: ಎರಡು ಧನ ಪದಗಳ ಮೊತ್ತ ಕನಿಷ್ಠವಾಗುವುದು ಅವು ಸಮನಾದಾಗ; ಆದ್ದರಿಂದ a/sin θ = b/cos θ, ಅಂದರೆ tan θ = a/b. ನೋಡಲು ಎಷ್ಟು ಚೆನ್ನಾಗಿದೆ! ಆದರೆ ತಪ್ಪು. ಎರಡು ಪದಗಳ ಗುಣಲಬ್ಧ ಸ್ಥಿರವಾಗಿದ್ದಾಗ ಮಾತ್ರ ಆ ಮಾತು ನಿಲ್ಲುತ್ತದೆ. ಇಲ್ಲಿ ಗುಣಲಬ್ಧ ab/(sin θ cos θ), ಅದೂ ಕೋನದೊಂದಿಗೆ ಬದಲಾಗುತ್ತದೆ. ನಮ್ಮ ಬೇಲಿಗೆ ಈ ದಾರಿಯಲ್ಲಿ ಕೋನ 73.5 ಡಿಗ್ರಿ, ಉದ್ದ 5.63 ಮೀಟರ್ ಬರುತ್ತದೆ. ಸರಿಯಾದ ಉತ್ತರಕ್ಕಿಂತ ಸುಮಾರು 94 ಸೆಂಟಿಮೀಟರ್ ಹೆಚ್ಚು.

ಈ ತಪ್ಪು ಉತ್ತರಕ್ಕೂ ಒಂದು ಅರ್ಥವಿದೆ. ಅಲ್ಲಿ P ಏಣಿಯ ಮಧ್ಯಬಿಂದುವಾಗುತ್ತದೆ. ಏಣಿ, ನೆಲ, ಗೋಡೆ ಸೇರಿ ಆಗುವ ತ್ರಿಭುಜದ ವಿಸ್ತೀರ್ಣ ಆಗ ಕನಿಷ್ಠವಾಗಿರುತ್ತದೆ. ಉದ್ದ ಕೇಳಿದಾಗ ವಿಸ್ತೀರ್ಣಕ್ಕೆ ಉತ್ತರ ಕೊಟ್ಟಂತಾಯಿತು. a ಮತ್ತು b ಸಮವಾಗಿದ್ದರೆ ಎರಡೂ ಉತ್ತರಗಳು 45 ಡಿಗ್ರಿಯಲ್ಲಿ ಒಂದಾಗುವುದರಿಂದ, ಅಂತಹ ಉದಾಹರಣೆಯಿಂದ ಸೂತ್ರವನ್ನು ಪರೀಕ್ಷಿಸಿದರೆ ತಪ್ಪು ಪತ್ತೆಯೇ ಆಗುವುದಿಲ್ಲ.

ಪತ್ತೆ ಹಚ್ಚಲು ಒಳ್ಳೆಯ ವಿಧಾನ ಹೀಗಿದೆ. ಗೋಡೆಯ ಬುಡದಿಂದ, ಅಂದರೆ ನೆಲವೂ ಗೋಡೆಯೂ ಸೇರುವ ಮೂಲೆಯಿಂದ, ಏಣಿಗೆ ಒಂದು ಲಂಬ ಎಳೆಯಿರಿ. ಅದು ಏಣಿಯನ್ನು Q ನಲ್ಲಿ ಮುಟ್ಟಲಿ. ಏಣಿ ಅತಿ ಗಿಡ್ಡವಾಗಿದ್ದರೆ, ಏಣಿಯ ಬುಡದಿಂದ Q ಇರುವ ದೂರ, ತುದಿಯಿಂದ P ಇರುವ ದೂರಕ್ಕೆ ಸಮವಾಗಿರಬೇಕು. ನಮ್ಮ ಏಣಿಯಲ್ಲಿ ತುದಿಯಿಂದ P ಗೆ 0.8/cos θ, ಸುಮಾರು 1.44 ಮೀಟರ್, ಬುಡದಿಂದ Q ಗೆ 2.6 cos θ, ಅದೂ 1.44 ಮೀಟರ್. ತಾಳೆಯಾಯಿತು.

ಸೂತ್ರ ಕೈಕೊಡುವ ಸಂದರ್ಭವೂ ಇದೆ. ಗೋಡೆ 3.5 ಮೀಟರ್ ಮಾತ್ರ ಎತ್ತರವಿದ್ದರೆ? ನಮ್ಮ ಏಣಿಯ ತುದಿಗೆ 3.9 ಮೀಟರ್ ಬೇಕು, ಅಲ್ಲಿ ಗೋಡೆಯೇ ಇಲ್ಲ. ತುದಿಯ ಎತ್ತರ 2.7 + 0.8 tan θ ಆಗಿರುವುದರಿಂದ tan θ ಒಂದನ್ನು ಮೀರುವಂತಿಲ್ಲ. ಅನುಮತಿ ಇರುವ ಕೋನಗಳೆಲ್ಲ 45 ಡಿಗ್ರಿಯೊಳಗೆ. ಆ ಭಾಗದಲ್ಲಿ ಕೋನ ಹೆಚ್ಚಿದಂತೆ L ಇಳಿಯುತ್ತಲೇ ಇರುತ್ತದೆ. ಹಾಗಾಗಿ ಉತ್ತರ ಅಂಚಿನಲ್ಲೇ ಇದೆ: 45 ಡಿಗ್ರಿ, 4.95 ಮೀಟರ್. ಅಲ್ಲಿ ಅವಕಲನ ಸೊನ್ನೆಯಲ್ಲ, ಆಗಬೇಕಾಗಿಯೂ ಇಲ್ಲ. ಬೇಲಿಯ ಹೊರಗೆ ಬುಡ ಇಡಲು 1.35 ಮೀಟರ್ ಜಾಗ ಮಾತ್ರ ಇದ್ದರೆ ಇದೇ ತರ್ಕ ಇನ್ನೊಂದು ದಿಕ್ಕಿನಲ್ಲಿ ನಡೆಯುತ್ತದೆ: tan θ ಕನಿಷ್ಠ 2, ಉದ್ದ ಸುಮಾರು 4.81 ಮೀಟರ್.

ಈ ಎರಡನೆಯ ಸಂದರ್ಭದಲ್ಲಿ ಉದ್ದ ಹೆಚ್ಚಿದ್ದು 12 ಸೆಂಟಿಮೀಟರ್ ಮಾತ್ರ ಎಂಬುದನ್ನು ಗಮನಿಸಿ. ಕನಿಷ್ಠ ಬಿಂದುವಿನ ಸುತ್ತ L ನ ವಕ್ರರೇಖೆ ಚಪ್ಪಟೆಯಾಗಿರುತ್ತದೆ. 60 ಡಿಗ್ರಿಗೆ 4.72, 50 ಡಿಗ್ರಿಗೆ 4.77 ಮೀಟರ್. ಕೋನದಲ್ಲಿ ಮೂರ್ನಾಲ್ಕು ಡಿಗ್ರಿ ಆಚೀಚೆಯಾದರೆ ಉದ್ದ ಮೂರು ಸೆಂಟಿಮೀಟರಿನಷ್ಟು ಬದಲಾದೀತು, ಅಷ್ಟೇ.

ಇಷ್ಟೆಲ್ಲ ಆದರೂ 56 ಡಿಗ್ರಿಯಲ್ಲಿ ನಿಲ್ಲಿಸಿದ ಏಣಿಯನ್ನು ಯಾರೂ ಹತ್ತಬಾರದು, ಬುಡ ಜಾರುತ್ತದೆ. ಒರಗಿಸುವ ಏಣಿಗೆ ಸಾಮಾನ್ಯವಾಗಿ ಹೇಳುವ ಸುರಕ್ಷತಾ ನಿಯಮ, ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ಪಾದ. ಅಂದರೆ tan θ = 4, ಸುಮಾರು 76 ಡಿಗ್ರಿ. ಆ ಓರೆಯಲ್ಲಿ ನಮ್ಮ ಬೇಲಿಗೆ 6.08 ಮೀಟರ್ ಏಣಿ ಬೇಕು. ಅತಿ ಗಿಡ್ಡ ಏಣಿಯೇ ಸುರಕ್ಷಿತ ಓರೆಯಲ್ಲಿಯೂ ಇರಬೇಕಾದರೆ a/b = 4³ = 64 ಆಗಬೇಕು. 2.7 ಮೀಟರ್ ಎತ್ತರದ ಬೇಲಿ ಗೋಡೆಯಿಂದ ಬರೀ 4.2 ಸೆಂಟಿಮೀಟರ್ ದೂರದಲ್ಲಿ ಇರಬೇಕು ಎಂದಾಯಿತು.